ಫಲಿತಾಂಶದ ಮುಂಚೆ ಆಪ್ಷನ್ ಯಾಕೆ ದುಬಾರಿ? ಐವಿ ಅನ್ನುವ ಸಂಖ್ಯೆಯ ಒಳಗೇನಿದೆ

ಅಣ್ಣನ ಮಗ ಒಂದು ಬೆಳಗ್ಗೆ ಫೋನ್ ಮಾಡಿದ. ದನಿಯಲ್ಲಿ ಗಾಬರಿ ಇತ್ತು. "ಚಿಕ್ಕಪ್ಪಾ, ಶೇರು ಏರಿದೆ. ಆದ್ರೆ ನನ್ನ ಕಾಲ್ ಇಳಿದಿದೆ. ಇದು ಹೇಗೆ ಸಾಧ್ಯ? ಬ್ರೋಕರ್ ಏನಾದ್ರೂ ಮೋಸ ಮಾಡಿದ್ನಾ?"

ಹಿಂದಿನ ಮಧ್ಯಾಹ್ನ, ಒಂದು ಐಟಿ ಕಂಪನಿಯ ತ್ರೈಮಾಸಿಕ ಫಲಿತಾಂಶ ಬರುವ ಮುಂಚೆ, ಅವನು ಒಂದು ಲಾಟ್ ಕಾಲ್ ಆಪ್ಷನ್, ಅಂದರೆ ನಿಗದಿತ ಬೆಲೆಗೆ ಶೇರು ಕೊಳ್ಳುವ ಹಕ್ಕು, ಕೊಂಡಿದ್ದ. ಫಲಿತಾಂಶ ಚೆನ್ನಾಗಿಯೇ ಬಂತು. ಶೇರು ಶೇಕಡಾ ಎರಡರಷ್ಟು ಏರಿತು. ಅವನ ಅಂದಾಜು ಸರಿಯಾಗಿತ್ತು. ಆದರೂ ದುಡ್ಡು ಹೋಯಿತು. ಮೋಸ ಯಾರೂ ಮಾಡಿರಲಿಲ್ಲ. ಅವನು ಕೊಂಡಿದ್ದು ಏನು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಅವತ್ತು ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಲೆಕ್ಕಕ್ಕೆ ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಶೇರಿನ ಬೆಲೆ 1500 ರೂಪಾಯಿ. ಲಾಟ್ ಅಂದರೆ 400 ಶೇರು. ತಿಂಗಳ ಎಕ್ಸ್‌ಪೈರಿಗೆ, ಅಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನಕ್ಕೆ, ಇನ್ನು 9 ವಹಿವಾಟಿನ ದಿನಗಳಿವೆ. ಇವತ್ತು ಸಂಜೆ ಫಲಿತಾಂಶ. ಬಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ.

ಮೊದಲು ಐವಿ ಅಂದರೆ ಏನು ಅಂತ ನೋಡೋಣ. ಆಪ್ಷನ್ ಬೆಲೆ ಕಟ್ಟಲು ಐದು ಸಂಗತಿ ಬೇಕು: ಶೇರಿನ ಈಗಿನ ಬೆಲೆ, ಸ್ಟ್ರೈಕ್ ಎನ್ನುವ ಆ ನಿಗದಿತ ಬೆಲೆ, ಉಳಿದ ದಿನಗಳು, ಬಡ್ಡಿ ಮತ್ತು ಮುಂದೆ ಶೇರು ಎಷ್ಟು ಏರಿಳಿಯಬಹುದು ಎಂಬ ಅಂದಾಜು. ಮೊದಲ ನಾಲ್ಕು ಎಲ್ಲರಿಗೂ ಕಾಣುತ್ತವೆ. ಐದನೆಯದು ಯಾರಿಗೂ ಕಾಣುವುದಿಲ್ಲ. ಆದರೆ ಮಾರುಕಟ್ಟೆಯಲ್ಲಿ ಆಪ್ಷನ್ ಒಂದು ಬೆಲೆಗೆ ಕೈ ಬದಲಾಗುತ್ತಿದೆ, ಅಲ್ವಾ? ಹಾಗಾದರೆ ಆ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, "ಎಷ್ಟು ಏರಿಳಿತ ಇಟ್ಟುಕೊಂಡರೆ ಈ ಬೆಲೆ ಬರುತ್ತದೆ?" ಎಂದು ಕೇಳಬಹುದು. ಬರುವ ಉತ್ತರವೇ ಇಂಪ್ಲೈಡ್ ವೊಲಟಿಲಿಟಿ, ಚುಟುಕಾಗಿ ಐವಿ. ಅದನ್ನು ಯಾವಾಗಲೂ ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನಗಳು. ಅದರ ವರ್ಗಮೂಲ 15.87. ಐವಿಯನ್ನು ಇದರಿಂದ ಭಾಗಿಸಿದರೆ ಒಂದು ದಿನದ ಏರಿಳಿತ ಸಿಗುತ್ತದೆ. ಐವಿ 22 ಇದ್ದರೆ ದಿನಕ್ಕೆ ಶೇ 1.386. ಮೂರರಲ್ಲಿ ಎರಡು ದಿನ ಶೇರು ಹೆಚ್ಚು ಕಡಿಮೆ ಇಷ್ಟರ ಒಳಗೇ ಓಡಾಡುತ್ತದೆ ಎಂದು ಅರ್ಥ.

ಇಲ್ಲಿ ವರ್ಗಮೂಲ ಯಾಕೆ ಬಂತು? ಒಂದು ದಿನ ಏರಿದ್ದು ಮರುದಿನ ಇಳಿಯಬಹುದು. ಒಂದನ್ನೊಂದು ಸ್ವಲ್ಪ ಅಳಿಸಿಕೊಳ್ಳುತ್ತವೆ. ಹಾಗಾಗಿ ನಾಲ್ಕು ದಿನದ ಏರಿಳಿತ ಒಂದು ದಿನದ ನಾಲ್ಕರಷ್ಟು ಆಗುವುದಿಲ್ಲ, ಎರಡರಷ್ಟಾಗುತ್ತದೆ. ದಿನಗಳ ಏರಿಳಿತವನ್ನು ಕೂಡಿಸಬೇಕಾದರೆ ಮೊದಲು ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿಸಿ, ಆಮೇಲೆ ವರ್ಗಮೂಲ ತೆಗೆಯಬೇಕು. ಈ ಒಂದು ನಿಯಮ ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲ ದಿನಗಳೂ ಒಂದೇ ರೀತಿ ಇರುವುದಿಲ್ಲ. ಫಲಿತಾಂಶದ ಮರುದಿನ ಬೇರೆಯದೇ ಜಾತಿಯ ದಿನ. ಇನ್ಫೋಸಿಸ್ ಉದಾಹರಣೆಯನ್ನೇ ನೋಡಿ. 2013ರ ಜನವರಿ 11ರಂದು ಫಲಿತಾಂಶ ನೋಡಿ ಶೇರು ಸುಮಾರು ಶೇ 17 ಏರಿತು. ಅದಾಗಿ ಮೂರೇ ತಿಂಗಳಿಗೆ, ಏಪ್ರಿಲ್ 12ರಂದು, ಶೇ 21ರಷ್ಟು ಕುಸಿಯಿತು. 2023ರ ಏಪ್ರಿಲ್ 13ರ ಸಂಜೆ ಫಲಿತಾಂಶ ಬಂತು. ಮುಂದಿನ ವಹಿವಾಟಿನ ದಿನ, ಏಪ್ರಿಲ್ 17ರಂದು, ಶೇರು ಶೇ 9ಕ್ಕಿಂತ ಜಾಸ್ತಿ ಬಿತ್ತು. ಅದೇ ಜುಲೈನಲ್ಲಿ ಕಂಪನಿ ವರ್ಷದ ಗೈಡೆನ್ಸ್, ಅಂದರೆ ಆದಾಯ ಎಷ್ಟು ಬೆಳೆಯಬಹುದು ಎಂಬ ತನ್ನ ಅಂದಾಜನ್ನು, ಶೇ 4–7ರಿಂದ ಶೇ 1–3.5ಕ್ಕೆ ಇಳಿಸಿದಾಗ ಮತ್ತೆ ಸುಮಾರು ಶೇ 8 ಹೋಯಿತು. 2024ರ ಜನವರಿಯಲ್ಲಿ ಸುಮಾರು ಅಷ್ಟೇ ಏರಿತು. ಸಾಮಾನ್ಯ ದಿನಗಳಲ್ಲಿ ಒಂದೂವರೆ ಶೇಕಡಾ ಆಚೀಚೆ ಆಡುವ ಶೇರು ಇದು.

ಏಪ್ರಿಲ್ ಹೆಸರು ಎರಡು ಸಲ ಬಂದಿದ್ದು ಗಮನಿಸಿ. ಇನ್ಫೋಸಿಸ್ ಇಡೀ ವರ್ಷದ ಆದಾಯದ ಗೈಡೆನ್ಸ್ ಕೊಡುವುದು ಏಪ್ರಿಲ್‌ನಲ್ಲಿ. ಮುಗಿದ ಮೂರು ತಿಂಗಳ ಲಾಭ ಎಷ್ಟು ಅನ್ನುವುದಕ್ಕಿಂತ ಮುಂದಿನ ಹನ್ನೆರಡು ತಿಂಗಳು ಹೇಗಿರುತ್ತದೆ ಎಂಬ ಮಾತು ಶೇರನ್ನು ಜಾಸ್ತಿ ಅಲ್ಲಾಡಿಸುತ್ತದೆ. ಟಿಸಿಎಸ್ ಇಂಥ ಸಂಖ್ಯೆಯ ಗೈಡೆನ್ಸ್ ಕೊಡುವುದಿಲ್ಲ. ಹಾಗಾಗಿ ಐಟಿ ಕಂಪನಿ ಅಂತ ಎಲ್ಲದಕ್ಕೂ ಒಂದೇ ಅಳತೆ ಹಿಡಿಯಲಾಗದು.

ದೊಡ್ಡ ಚಲನೆ ಬರಬಹುದು ಅನ್ನುವುದು ಒಂದು ಕಾರಣ. ಅದು ಹೇಗೆ ಬರುತ್ತದೆ ಅನ್ನುವುದು ಇನ್ನೊಂದು. ಆಪ್ಷನ್ ಮಾರುವವರಲ್ಲಿ ದೊಡ್ಡವರು ಸುಮ್ನೆ ಅದೃಷ್ಟ ನಂಬಿ ಕೂರುವುದಿಲ್ಲ. ಕಾಲ್ ಮಾರಿದರೆ, ಶೇರು ಏರುತ್ತಾ ಹೋದಂತೆ ಸ್ವಲ್ಪ ಸ್ವಲ್ಪ ಶೇರು ಕೊಂಡು ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಶೇರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಇದು ನಡೆಯುತ್ತದೆ. ಆದರೆ ಇನ್ಫೋಸಿಸ್ ಫಲಿತಾಂಶ ಈಗ ಬರುವುದು ಮಧ್ಯಾಹ್ನ 3.30ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲೆ. ಮರುದಿನ ಬೆಳಗ್ಗೆ 9.15ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಶೇರು ಆಗಲೇ ಹೊಸ ಬೆಲೆಯಲ್ಲಿ ಕೂತಿರುತ್ತದೆ. ನಡುವಿನ ಮೆಟ್ಟಿಲುಗಳೇ ಇಲ್ಲ. ಕೊಳ್ಳಲು, ಮಾರಲು, ಸರಿ ಮಾಡಿಕೊಳ್ಳಲು ಒಂದು ಕ್ಷಣವೂ ಸಿಗುವುದಿಲ್ಲ. ಈ ಅಪಾಯ ಹೊರಲು ಮಾರುವವರು ಮುಂಗಡವಾಗಿಯೇ ದುಡ್ಡು ಕೇಳುತ್ತಾರೆ. ಅದೇ ಸಮಯಕ್ಕೆ ಕೈಯಲ್ಲಿ ಶೇರು ಇಟ್ಟುಕೊಂಡವರು ರಕ್ಷಣೆಗೆ ಪುಟ್, ಅಂದರೆ ನಿಗದಿತ ಬೆಲೆಗೆ ಶೇರು ಮಾರುವ ಹಕ್ಕು, ಕೊಳ್ಳುತ್ತಾರೆ; ನನ್ನ ಅಣ್ಣನ ಮಗನಂಥವರು ಆಸೆಗೆ ಕಾಲ್ ಕೊಳ್ಳುತ್ತಾರೆ. ಕೊಳ್ಳುವವರು ಜಾಸ್ತಿ, ಮಾರುವವರು ಕಡಿಮೆ.

ನಮ್ಮ ಉದಾಹರಣೆಯಲ್ಲಿ ಸಾಮಾನ್ಯ ದಿನಗಳ ಐವಿ 22 ಎಂದುಕೊಳ್ಳಿ. ಫಲಿತಾಂಶದ ಮರುದಿನಕ್ಕೆ ಮಾತ್ರ ಮಾರುಕಟ್ಟೆ ಶೇ 5ರ ಏರಿಳಿತ ನಿರೀಕ್ಷಿಸಿದೆ ಎಂದುಕೊಳ್ಳಿ. ಸಾಮಾನ್ಯ ದಿನದ ವರ್ಗ 1.92. ಆ ಮರುದಿನದ, ಅಂದರೆ ಲೆಕ್ಕದ ಮಟ್ಟಿಗೆ ಫಲಿತಾಂಶದ ದಿನದ, ವರ್ಗ 25. ಅಂದರೆ ಆ ಒಂದು ದಿನ ಹದಿಮೂರು ಸಾಮಾನ್ಯ ದಿನಗಳಿಗೆ ಸಮ.

ಎಕ್ಸ್‌ಪೈರಿಗೆ 20 ದಿನ ಇರುವಾಗ, 19 ಸಾಮಾನ್ಯ ದಿನ ಮತ್ತು ಒಂದು ಫಲಿತಾಂಶದ ದಿನ ಕೂಡಿಸಿ ಲೆಕ್ಕ ಹಾಕಿದರೆ ಐವಿ 27.8 ಬರುತ್ತದೆ. ಸಂಜೆ ಫಲಿತಾಂಶ ಬರುವ ದಿನದ ಮಧ್ಯಾಹ್ನ, 9 ದಿನ ಉಳಿದಿರುವಾಗ, ಅದೇ ಲೆಕ್ಕ 33.6 ಕೊಡುತ್ತದೆ. ನಡುವೆ ಹೊಸ ಸುದ್ದಿ ಏನೂ ಬಂದಿಲ್ಲ. ಫಲಿತಾಂಶದ ದಿನದ ನಿರೀಕ್ಷೆ ಅದೇ ಶೇ 5. ಆದರೂ ಐವಿ ಏರಿತು.

ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸನದವರೆಗೆ ರಸ್ತೆ ನೇರ. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿ. ಮೆಜೆಸ್ಟಿಕ್‌ನಲ್ಲಿ ನಿಂತು "ಮುಂದಿನ ದಾರಿಯಲ್ಲಿ ಕಿಲೋಮೀಟರಿಗೆ ಸರಾಸರಿ ಎಷ್ಟು ತಿರುವು?" ಎಂದು ಲೆಕ್ಕ ಹಾಕಿದರೆ ಸಣ್ಣ ಸಂಖ್ಯೆ ಬರುತ್ತದೆ. ಸಕಲೇಶಪುರದಲ್ಲಿ ನಿಂತು ಕೇಳಿದರೆ ದೊಡ್ಡ ಸಂಖ್ಯೆ ಬರುತ್ತದೆ. ಘಾಟಿ ಬೆಳೆದಿಲ್ಲ. ಅದರ ಮುಂಚಿನ ನೇರ ರಸ್ತೆ ಹಿಂದೆ ಉಳಿಯಿತು, ಅಷ್ಟೆ. ಐವಿ ಅನ್ನುವುದು ಈ ಸರಾಸರಿ. ಗುಂಡ್ಯ ದಾಟಿದ ಕೂಡಲೇ ಸರಾಸರಿ ಧಡಕ್ಕನೆ ಇಳಿಯುತ್ತದೆ. ಫಲಿತಾಂಶದ ಮರುದಿನ ಬೆಳಗ್ಗೆ ಐವಿ 33.6ರಿಂದ 22ಕ್ಕೆ ಬೀಳುವುದೂ ಹೀಗೆಯೇ. ಇದನ್ನೇ ಐವಿ ಕ್ರಷ್ ಎನ್ನುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಿಗೆ ಇದೆ. ಅದು ದುಡ್ಡು ಕಳೆಯುವ ತಪ್ಪಾದ್ದರಿಂದ ಬಿಡಿಸಿ ಹೇಳುತ್ತೇನೆ. "ಫಲಿತಾಂಶದ ಮುಂಚೆ ಆಪ್ಷನ್ ಬೆಲೆ ಏರುತ್ತದೆ" ಎಂದು ಕೇಳಿ, ಎರಡು ವಾರ ಮುಂಚೆ ಕಾಲ್ ಮತ್ತು ಪುಟ್ ಎರಡನ್ನೂ ಕೊಂಡು, ಫಲಿತಾಂಶದ ಹಿಂದಿನ ದಿನ ಮಾರಿದರೆ ಲಾಭ ಖಚಿತ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಏರುವುದು ಐವಿ. ರೂಪಾಯಿ ಬೆಲೆಯೂ ಏರಲೇಬೇಕು ಅಂತಿಲ್ಲ.

ಶೇರಿನ ಬೆಲೆಯ ಹತ್ತಿರದ ಸ್ಟ್ರೈಕ್‌ಗೆ ಒಂದು ಸುಲಭ ಲೆಕ್ಕ ಇದೆ: ಶೇರಿನ ಬೆಲೆಯನ್ನು ಉಳಿದ ದಿನಗಳ ಒಟ್ಟು ಏರಿಳಿತದಿಂದ ಗುಣಿಸಿ, ಅದರ ಶೇಕಡಾ 40 ತೆಗೆದುಕೊಳ್ಳಿ. 20 ದಿನ ಇರುವಾಗ ಒಟ್ಟು ಏರಿಳಿತ ಶೇ 7.84. 1500ರ ಕಾಲ್ ಬೆಲೆ ಸುಮಾರು 47 ರೂಪಾಯಿ. ಫಲಿತಾಂಶಕ್ಕೆ ಮುಂಚಿನ ಮಧ್ಯಾಹ್ನ ಒಟ್ಟು ಏರಿಳಿತ ಶೇ 6.35. ಬೆಲೆ 38 ರೂಪಾಯಿ. ಐವಿ 27.8ರಿಂದ 33.6ಕ್ಕೆ ಏರಿದೆ, ಆಪ್ಷನ್ ಮಾತ್ರ 9 ರೂಪಾಯಿ ಇಳಿದಿದೆ. ದಿನಗಳು ಕಳೆದಂತೆ ಆಪ್ಷನ್ ಕರಗುತ್ತದೆ. ಐವಿ ಏರಿಕೆ ಆ ಕರಗುವಿಕೆಯ ಒಂದು ಭಾಗವನ್ನು ಮಾತ್ರ ತುಂಬಿಕೊಡುತ್ತದೆ.

ಹಾಗಾದರೆ ದುಬಾರಿ ಅನ್ನುವುದು ಸುಳ್ಳಾ? ಅಲ್ಲ. ಫಲಿತಾಂಶವೇ ಇಲ್ಲದ ತಿಂಗಳಲ್ಲಿ, 9 ದಿನ ಇರುವಾಗ ಇದೇ ಕಾಲ್ 25 ರೂಪಾಯಿಗೆ ಸಿಗುತ್ತಿತ್ತು. ಈಗ 38. ನೆನ್ನೆಗಿಂತ ದುಬಾರಿ ಅಂತಲ್ಲ, ಇರಬೇಕಾದ್ದಕ್ಕಿಂತ ದುಬಾರಿ. ಆ ಹೆಚ್ಚಿನ 13 ರೂಪಾಯಿ ಪೂರ್ತಿ ಒಂದೇ ರಾತ್ರಿಯ ಬೆಲೆ.

ರೂಪಾಯಿ ಬೆಲೆ ನಿಜವಾಗಿಯೇ ಏರುವ ಸಂದರ್ಭವೂ ಇದೆ. ಆ ರಾತ್ರಿಯ ಬಗ್ಗೆ ಮಾರುಕಟ್ಟೆಯ ಅಂದಾಜು ಬದಲಾದಾಗ ಹಾಗಾಗುತ್ತದೆ. ಸಾಮಾನ್ಯವಾಗಿ ಐಟಿಯಲ್ಲಿ ಮೊದಲು ಟಿಸಿಎಸ್ ಫಲಿತಾಂಶ ಬರುತ್ತದೆ. ಅದರಲ್ಲಿ ಏನೋ ಅನಿರೀಕ್ಷಿತ ಕಂಡರೆ, ಇನ್ಫೋಸಿಸ್ ಬಗ್ಗೆಯೂ ಅನುಮಾನ ಹುಟ್ಟುತ್ತದೆ. ಶೇ 5 ಅಂತಿದ್ದ ನಿರೀಕ್ಷೆ ಶೇ 6 ಆಯಿತು ಎಂದರೆ ನಮ್ಮ 38 ರೂಪಾಯಿಯ ಕಾಲ್ 43 ಆಗುತ್ತದೆ, ಶೇರು ಒಂದು ರೂಪಾಯಿ ಅಲ್ಲಾಡದಿದ್ದರೂ. ಇಂಥ ಏರಿಕೆ ಸಿಗುವುದು ಅಂದಾಜು ಬದಲಾಗುವ ಮುಂಚೆ ಕೊಂಡವರಿಗೆ. ಕ್ಯಾಲೆಂಡರ್ ನೋಡಿ ಕೊಂಡರೆ ಸಿಗುತ್ತದೆ ಎಂದೇನಿಲ್ಲ.

ಈಗ ಅಣ್ಣನ ಮಗನ ಕಥೆಗೆ ವಾಪಸ್ಸು ಬರೋಣ. ಅವನು ಕೊಂಡಿದ್ದು 1500ರ ಕಾಲ್ ಅಲ್ಲ. ಅದು ದುಬಾರಿ ಅನ್ನಿಸಿ, ಸ್ವಲ್ಪ ದೂರದ ಸ್ಟ್ರೈಕ್ ಆರಿಸಿದ್ದ. ನಮ್ಮ ಲೆಕ್ಕದಲ್ಲಿ ಅದನ್ನು 1560 ಎಂದುಕೊಳ್ಳಿ. ಬೆಲೆ 16 ರೂಪಾಯಿ, ಲಾಟಿಗೆ 6,400. ಮರುದಿನ ಶೇರು 1530. ಐವಿ 22ಕ್ಕೆ ಇಳಿದಿದೆ, 8 ದಿನ ಉಳಿದಿವೆ. ಆ ಕಾಲ್‌ನ ಹೊಸ ಬೆಲೆ 12 ರೂಪಾಯಿ. ಶೇರು 30 ರೂಪಾಯಿ ಏರಿದೆ, ಅವನ ಲಾಟಿಗೆ 1,600 ರೂಪಾಯಿ ನಷ್ಟ. ದೂರದ ಸ್ಟ್ರೈಕ್ ಅಗ್ಗ ಎಂದು ಕಾಣುತ್ತದೆ. ಆದರೆ ಅದರ ಬೆಲೆಯೆಲ್ಲ ನಿರೀಕ್ಷೆಯಿಂದಲೇ ತುಂಬಿರುತ್ತದೆ. ಆ ರಾತ್ರಿ ಕಳೆದ ಮೇಲೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

1500ರ ಕಾಲ್ ಕೊಂಡಿದ್ದರೆ? 38 ಇದ್ದದ್ದು ಸುಮಾರು 41.50 ಆಗುತ್ತಿತ್ತು. ಶೇರು ಶೇ 2 ಏರಿದ್ದಕ್ಕೆ ಮೂರೂವರೆ ರೂಪಾಯಿ ಲಾಭ. ಶೇರು ಶೇ 1 ಮಾತ್ರ ಏರಿದ್ದರೆ 32ಕ್ಕೆ ಇಳಿಯುತ್ತಿತ್ತು. ಕಾಲ್ ಮತ್ತು ಪುಟ್ ಎರಡನ್ನೂ ಕೊಂಡವರಿಗೆ 76 ರೂಪಾಯಿ ಖರ್ಚು. ಶೇರು ಶೇ 3 ಏರಿದರೂ ಆ ಜೋಡಿಯ ಬೆಲೆ 60. ಶೇ 3 ಅನ್ನುವುದು ಟಿವಿಯಲ್ಲಿ ಕೆಂಪಕ್ಷರದಲ್ಲಿ ಬರುವಷ್ಟು ದೊಡ್ಡ ಸುದ್ದಿ. ಆದರೆ ಈ ಜೋಡಿಗೆ ಅದು ಸಾಲದು, ಯಾಕೆಂದರೆ ಕೊಳ್ಳುವಾಗ ಕೊಟ್ಟಿದ್ದು ಶೇ 5ರ ದುಡ್ಡು. ಏರುತ್ತದೋ ಇಳಿಯುತ್ತದೋ ಎಂದು ಊಹಿಸಿದ್ದು ಸರಿಯಾದರೆ ಸಾಲದು. ಎಷ್ಟು ಅನ್ನುವುದರಲ್ಲಿ ಮಾರುಕಟ್ಟೆಯ ಅಂದಾಜನ್ನು ಮೀರಬೇಕು.

ಹಾಗಾದರೆ ಕೊಳ್ಳುವ ಮುಂಚೆ ಆ "ಎಷ್ಟು" ಅನ್ನುವುದನ್ನು ತಿಳಿಯುವುದು ಹೇಗೆ? ಎನ್‌ಎಸ್‌ಇ ಜಾಲತಾಣದ ಆಪ್ಷನ್ ಚೈನ್‌ನಲ್ಲಿ `IV` ಎಂಬ ಅಂಕಣ ಇದೆ. ಶೇರಿನ ಬೆಲೆಗೆ ಹತ್ತಿರದ ಸ್ಟ್ರೈಕ್‌ಗಳನ್ನು ಮಾತ್ರ ನೋಡಿ. ದೂರದ ಸ್ಟ್ರೈಕ್‌ಗಳಲ್ಲಿ ವಹಿವಾಟು ಕಡಿಮೆ, ಯಾವಾಗಲೋ ನಡೆದ ಹಳೆಯ ಬೆಲೆಯಿಂದ ಬಂದ ಐವಿ ಅಲ್ಲಿ ಕೂತಿರಬಹುದು. ಕಾಲ್ ಮತ್ತು ಪುಟ್ ಐವಿಗಳ ಸರಾಸರಿ ತೆಗೆದುಕೊಳ್ಳಿ. ಸಾಮಾನ್ಯ ದಿನಗಳ ಐವಿ ಎಷ್ಟು ಅಂತ ತಿಳಿಯಲು, ಹಿಂದಿನ ಫಲಿತಾಂಶ ಮುಗಿದು ಒಂದು ವಾರದ ಮೇಲೆ ಇದ್ದ ಐವಿ ಒಳ್ಳೆಯ ಅಂದಾಜು. ಆಮೇಲೆ ಇಷ್ಟೇ ಲೆಕ್ಕ:

```
9 × (33.6 / 15.87)² = 40.3
8 × (22 / 15.87)²   = 15.4
√(40.3 − 15.4)      = 5.0
```

ಮೊದಲ ಸಾಲು ಒಟ್ಟು ಏರಿಳಿತದ ವರ್ಗ. ಎರಡನೆಯದು ಸಾಮಾನ್ಯ ದಿನಗಳ ಪಾಲು. ಕಳೆದು ವರ್ಗಮೂಲ ತೆಗೆದರೆ ಸಿಗುವುದು ಆ ಒಂದು ರಾತ್ರಿಯದು. ಈ ಶೇ 5 ಅನ್ನು ಅದೇ ಕಂಪನಿಯ ಹಿಂದಿನ ಎಂಟು ಹತ್ತು ಫಲಿತಾಂಶಗಳ ಮರುದಿನದ ಚಲನೆಯ ಪಕ್ಕ ಇಟ್ಟು ನೋಡಿ. ಏಪ್ರಿಲ್ ಅನ್ನು ಏಪ್ರಿಲ್ ಜೊತೆ ಹೋಲಿಸಿದರೆ ಇನ್ನೂ ಒಳ್ಳೆಯದು.

ಮುಂದಿನ ತಿಂಗಳ ಎಕ್ಸ್‌ಪೈರಿಯೂ ಒಂದು ಸುಳಿವು ಕೊಡುತ್ತದೆ. ಅಲ್ಲಿ 29 ದಿನಗಳಿದ್ದರೆ ಅದೇ ಫಲಿತಾಂಶದ ದಿನ 28 ಸಾಮಾನ್ಯ ದಿನಗಳ ನಡುವೆ ತೆಳುವಾಗುತ್ತದೆ. ಐವಿ ಸುಮಾರು 26. ಹತ್ತಿರದ ತಿಂಗಳು 33.6, ಮುಂದಿನ ತಿಂಗಳು 26 ಅಂತ ಕಂಡರೆ, ಮಾರುಕಟ್ಟೆ ಹೆದರುತ್ತಿರುವುದು ಗೊತ್ತಿರುವ ಒಂದು ದಿನಾಂಕಕ್ಕೆ. ಎರಡೂ 33ರ ಆಸುಪಾಸು ಇದ್ದರೆ ಅದು ಇಡೀ ಮಾರುಕಟ್ಟೆಯ ಕಳವಳ ಇರಬಹುದು. ಆಗ ಫಲಿತಾಂಶದ ಮರುದಿನ ಐವಿ ಅಷ್ಟೊಂದು ಬೀಳುತ್ತದೆ ಎಂದು ನಂಬಬೇಡಿ. ಒಂದು ತೊಡಕು ಎಂದರೆ, ನಮ್ಮಲ್ಲಿ ಬಿಡಿ ಶೇರುಗಳ ಮುಂದಿನ ತಿಂಗಳ ಆಪ್ಷನ್‌ಗಳಲ್ಲಿ ವಹಿವಾಟು ತೀರಾ ತೆಳು. ಕೊನೆಯ ಬೆಲೆ ಬಿಟ್ಟು, ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಯ ನಡುವಿನದನ್ನು ನೋಡಬೇಕಾಗುತ್ತದೆ.

ಅಮೆರಿಕದಲ್ಲಿ ದೊಡ್ಡ ಶೇರುಗಳಿಗೆ ವಾರದ ಆಪ್ಷನ್ ಇವೆ. ನಮ್ಮಲ್ಲಿ ಬಿಡಿ ಶೇರುಗಳಿಗೆ ತಿಂಗಳಿನದ್ದು ಮಾತ್ರ. ಫಲಿತಾಂಶದ ದಿನ ಸೇರಿ ಎರಡೇ ದಿನ ಉಳಿದಿರುವ ವಾರದ ಆಪ್ಷನ್‌ನಲ್ಲಿ ಇದೇ ಶೇ 5ರ ರಾತ್ರಿ 58ರ ಐವಿಯಾಗಿ ಕಾಣುತ್ತದೆ. ಅಲ್ಲಿಯ ಸಂಖ್ಯೆ ನೋಡಿ ಇಲ್ಲಿಯದು ಅಗ್ಗ ಎಂದುಕೊಳ್ಳುವುದು ಸಕಲೇಶಪುರವನ್ನು ಮೆಜೆಸ್ಟಿಕ್ ಜೊತೆ ಹೋಲಿಸಿದ ಹಾಗೆ.

ಇಷ್ಟೆಲ್ಲ ಓದಿದ ಮೇಲೆ "ಹಾಗಾದರೆ ಮಾರಿಬಿಡೋಣ, ಐವಿ ಬೀಳುವುದು ಖಚಿತ ತಾನೇ" ಎಂದು ಅನ್ನಿಸುವುದು ಸಹಜ. ಅಣ್ಣನ ಮಗನೂ ಅದನ್ನೇ ಕೇಳಿದ. ಅವನಿಗೆ ಹಾಕಿಕೊಟ್ಟ ಲೆಕ್ಕ ಇದು. 1500ರ ಕಾಲ್, ಪುಟ್ ಎರಡನ್ನೂ 76ಕ್ಕೆ ಮಾರಿದೆ ಎಂದುಕೋ. ಶೇರು ಕದಲದೇ ಇದ್ದರೆ, ಅಂದರೆ ನಿನ್ನ ಪಾಲಿಗೆ ಅತ್ಯಂತ ಒಳ್ಳೆಯ ದಿನ, ಬೆಳಗ್ಗೆ ಆ ಜೋಡಿ 47. ಲಾಟಿಗೆ 11,600 ಲಾಭ. 2013ರ ಏಪ್ರಿಲ್‌ನಂತೆ ಶೇ 21 ಬಿದ್ದರೆ ಶೇರು 1185. ಪುಟ್ ಒಂದರಲ್ಲೇ 315 ರೂಪಾಯಿ ಕೊಡಬೇಕು. ಬಂದಿದ್ದ 76 ಕಳೆದರೆ 239. ಲಾಟಿಗೆ 95,600 ನಷ್ಟ. ಎಂಟು ಅತ್ಯುತ್ತಮ ತ್ರೈಮಾಸಿಕಗಳ ಲಾಭ, ಅಂದರೆ ಎರಡು ವರ್ಷದ್ದು, ಒಂದು ಬೆಳಗ್ಗೆ ಹೋಗುತ್ತದೆ. ಶೇ 5ರ ಅಂದಾಜು ಸರಾಸರಿಗೆ ಸರಿ ಇರಬಹುದು. ಆದರೆ ಫಲಿತಾಂಶದ ದಿನಗಳು ಸರಾಸರಿಯ ಸುತ್ತ ನೀಟಾಗಿ ಕೂರುವುದಿಲ್ಲ. ಹೆಚ್ಚಿನವು ಸಪ್ಪೆ, ಕೆಲವು ಭಯಂಕರ.

ಐವಿಗೆ ಇನ್ನೊಂದು ಮಿತಿ ಇದೆ. ಅದು ದಿನಾಂಕ ಗೊತ್ತಿರುವ ಅಪಾಯವನ್ನು ಮಾತ್ರ ಮುಂಚಿತವಾಗಿ ಹೇಳುತ್ತದೆ. ಕಂಪನಿ ಫಲಿತಾಂಶದ ದಿನವನ್ನು ಮೊದಲೇ ತಿಳಿಸುವುದರಿಂದ ಬೆಲೆ ಅದಕ್ಕೆ ತಯಾರಾಗುತ್ತದೆ. 2017ರ ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ಇನ್ಫೋಸಿಸ್ ಮುಖ್ಯಸ್ಥರ ಹುದ್ದೆಗೆ ರಾಜೀನಾಮೆ ಕೊಟ್ಟಾಗ ಶೇರು ಸುಮಾರು ಶೇ 10 ಬಿತ್ತು. ಅದಕ್ಕೆ ಕ್ಯಾಲೆಂಡರಿನಲ್ಲಿ ಜಾಗ ಇರಲಿಲ್ಲ.

2019ರದು ಇನ್ನೂ ಕಠಿಣ. ಆ ಅಕ್ಟೋಬರ್ 11ರಂದು ತ್ರೈಮಾಸಿಕ ಫಲಿತಾಂಶ ಬಂದು ಮುಗಿದಿತ್ತು. ಘಾಟಿ ದಾಟಿ ಆಯಿತು, ಇನ್ನು ಎಕ್ಸ್‌ಪೈರಿವರೆಗೆ ನೇರ ರಸ್ತೆ ಎಂದು ಯಾರಿಗಾದರೂ ಅನ್ನಿಸುವ ಹೊತ್ತು. ಆಗ ಲೆಕ್ಕಪತ್ರದ ಬಗ್ಗೆ ಆರೋಪ ಮಾಡಿದ ಅನಾಮಧೇಯ ಪತ್ರವೊಂದರ ಸುದ್ದಿ ಹೊರಬಂತು. ಅಕ್ಟೋಬರ್ 22ರಂದು ಶೇರು ಒಂದೇ ದಿನ ಸುಮಾರು ಶೇ 16 ಕುಸಿಯಿತು. ಫಲಿತಾಂಶದ ಭಯ ಕಳೆಯಿತು ಎಂದುಕೊಂಡು ಆ ನಡುವಿನ ದಿನಗಳಲ್ಲಿ ಪುಟ್ ಮಾರಿದವರು ಆ ಬೆಳಗ್ಗೆ ತೆತ್ತಿದ್ದು, ಫಲಿತಾಂಶದ ದಿನಕ್ಕಾದರೆ ಮುಂಗಡ ದುಡ್ಡು ಪಡೆಯುತ್ತಿದ್ದಂಥ ಅಪಾಯಕ್ಕೆ. ಈ ಸಲ ಅವರಿಗೆ ಸಿಕ್ಕಿದ್ದು ಸಾಮಾನ್ಯ ದಿನಗಳ ಪ್ರೀಮಿಯಂ ಮಾತ್ರ.

ಅಣ್ಣನ ಮಗ ಈಗ ಫಲಿತಾಂಶದ ಹಿಂದಿನ ದಿನ ನನಗೆ ಆ ಮೂರು ಸಾಲಿನ ಲೆಕ್ಕ ಕಳಿಸುತ್ತಾನೆ. ಕಳೆದ ಸಲ ಅವನಿಗೆ ಬಂದ ಸಂಖ್ಯೆ 4.6. ಹಿಂದಿನ ಎಂಟು ಫಲಿತಾಂಶಗಳಲ್ಲಿ ಶೇರು ಅದನ್ನು ಮೀರಿದ್ದು ಮೂರು ಸಲ. "ಚಿಕ್ಕಪ್ಪಾ, ಈ ಬೆಲೆಗೆ ಬೇಡ" ಎಂದು ಕೆಳಗೆ ಬರೆದಿದ್ದ.